ದಾನ ಕೊಟ್ಟವರೆಲ್ಲ ದೀಕ್ಷೆ ಪಡೆದವರೇ?

ನಮ್ಮ ಮಠಗಳ ಸ್ಮರಣ ಸಂಚಿಕೆಗಳಲ್ಲಿ ಒಂದು ಮಾತು ಪದೇ ಪದೇ ಕಾಣುತ್ತದೆ: ಇಂಥ ಅರಸ ಭೂಮಿ ಬಿಟ್ಟುಕೊಟ್ಟ, ಆದ್ದರಿಂದ ಆತ ಲಿಂಗದೀಕ್ಷೆ ಪಡೆದಿದ್ದ. ನನಗೆ ಈ 'ಆದ್ದರಿಂದ' ಒಪ್ಪಿಗೆಯಿಲ್ಲ. ನಂಜನಗೂಡಿನ ನಂಜುಂಡೇಶ್ವರನಿಗೆ ಪಚ್ಚೆಲಿಂಗ ಕೊಟ್ಟವನು ಟಿಪ್ಪು ಸುಲ್ತಾನ. ಅವನು ದೇವರನ್ನು 'ಹಕೀಂ ನಂಜುಂಡ' ಎಂದು ಕರೆದನೆಂಬುದನ್ನೂ ಊರು ಮರೆತಿಲ್ಲ. ಹಾಗೆಂದು ಟಿಪ್ಪು ಮತ ಬಿಟ್ಟನೆಂದು ಯಾರೂ ಬರೆಯುವುದಿಲ್ಲ.

ಇದೇ ಪ್ರಶ್ನೆ ತಿರುಮಕೂಡಲು ನರಸೀಪುರ ತಾಲ್ಲೂಕಿನ ತಲಕಾಡಿನಲ್ಲಿ ಇನ್ನೂ ಗಟ್ಟಿಯಾಗಿ ಎದುರಾಗುತ್ತದೆ. ಹೊಯ್ಸಳ ಬಿಟ್ಟಿದೇವ ಜೈನನಾಗಿದ್ದು, ರಾಮಾನುಜಾಚಾರ್ಯರಿಂದ ವೈಷ್ಣವನಾಗಿ ವಿಷ್ಣುವರ್ಧನ ಎಂಬ ಹೆಸರು ತಳೆದ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಮತಾಂತರದ ಕಾಲವನ್ನು 1116–17ರ ಸುಮಾರಿಗೆ ಹೇಳುವುದುಂಟು. ಆದರೆ ಆ ವರ್ಷಗಳಲ್ಲಿ ನಡೆದದ್ದೆಂದು ಖಚಿತವಾಗಿರುವುದು ತಲಕಾಡಿನಲ್ಲಿ ಚೋಳರ ಸೋಲು. ಇಲ್ಲಿಯ ಕೀರ್ತಿನಾರಾಯಣ, ಬೇಲೂರಿನ ವಿಜಯನಾರಾಯಣ ಎಂಬ ಹೆಸರುಗಳೇ ಗೆಲುವನ್ನು ಸಾರುತ್ತವೆ. ಗುಡಿಯ ವರ್ಷವೇ ಮತಾಂತರದ ವರ್ಷವೂ ಆಗಿಬಿಟ್ಟಿದೆ. ಹೆಸರಿನ ವಾದವೂ ನಿಲ್ಲದು, ಏಕೆಂದರೆ 'ಬಿಟ್ಟಿ' ಎಂಬುದೇ ವಿಷ್ಣುವಿನ ತದ್ಭವ.

ಹಾಗಾದರೆ ಯಾವುದನ್ನು ನಂಬಬೇಕು? ಆ ಕಾಲದ ಶಾಸನಗಳು ಗುರು–ಶಿಷ್ಯ ಸಂಬಂಧವನ್ನು ಬಾಯಿಬಿಟ್ಟೇ ಹೇಳುತ್ತವೆ. ರಾಣಿ ಶಾಂತಲೆ ಪ್ರಭಾಚಂದ್ರ ಸಿದ್ಧಾಂತದೇವರ 'ಗುಡ್ಡಿ', ಅಂದರೆ ಗೃಹಸ್ಥ ಶಿಷ್ಯೆ; ದಂಡನಾಯಕ ಗಂಗರಾಜ ಶುಭಚಂದ್ರರ 'ಗುಡ್ಡ'. ಅದೇ ಶಾಂತಲೆ ಬೇಲೂರಿನಲ್ಲಿ ಚೆನ್ನಿಗರಾಯನ ಗುಡಿ ಕಟ್ಟಿಸಿದಳು, 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನೂ ಕಟ್ಟಿಸಿದಳು. ಗುಡಿಯೊಂದನ್ನೇ ನೋಡಿದವನು ಅವಳನ್ನೂ ವೈಷ್ಣವಳೆಂದಾನು! ಅರಸ ರಾಮಾನುಜರ ಶಿಷ್ಯನಾದನೆಂಬ ಮಾತು ಮಾತ್ರ ಅವನ ಕಾಲದ ಶಾಸನಗಳಲ್ಲಿಲ್ಲ. ಅದು ಬರುವುದು ಮುಂದೆ ರಚಿತವಾದ ಗುರುಪರಂಪರೆಯ ಗ್ರಂಥಗಳಲ್ಲಿ.

ಇನ್ನೊಂದು ಪರೀಕ್ಷೆ, ಹಳೆಯ ನಂಟು ಕಡಿಯಿತೇ ಎಂಬುದು. 1133ರಲ್ಲಿ ಗಂಗರಾಜನ ಮಗ ಬೊಪ್ಪ ಹಳೇಬೀಡಿನಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದ. ಅಲ್ಲಿಯ ಪ್ರಸಾದವನ್ನು ಬಂಕಾಪುರದಲ್ಲಿದ್ದ ಅರಸನಿಗೆ ಒಯ್ದರು. ಯುದ್ಧ ಗೆದ್ದಿದ್ದ, ಮಗ ಹುಟ್ಟಿದ್ದ. ಆತ ಎದ್ದು ಕೈಮುಗಿದು ಪ್ರಸಾದ ಸ್ವೀಕರಿಸಿ, ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನೆಂದು ಬಸದಿಯ ಶಾಸನ ಹೇಳುತ್ತದೆ. ಜೈನಮತ ತೊರೆದು ಹದಿನಾರು ವರ್ಷವಾದವನ ನಡೆಯೇ ಇದು?

ಆದರೂ ಇಲ್ಲಿ ಎಚ್ಚರ ಬೇಕು. ಶಾಸನ ಹೇಳಲಿಲ್ಲವೆಂದ ಮಾತ್ರಕ್ಕೆ ಅರಸನ ಒಳಭಕ್ತಿ ಸುಳ್ಳಾಗದು. ಆತ ವಿಷ್ಣುವಿಗೆ ಒಲಿದದ್ದು ಗುಡಿಗಳಿಂದಲೇ ತಿಳಿಯುತ್ತದೆ. 'ಸಮ್ಯಕ್ತ್ವಚೂಡಾಮಣಿ' ಎಂಬ ಜೈನ ಬಿರುದು ಮುಂದುವರಿದದ್ದನ್ನೂ ನಾನು ಸಾಕ್ಷಿಯೆನ್ನುವುದಿಲ್ಲ, ಬಿರುದು ವಂಶದ ಆಸ್ತಿ. ಒಲವು ಹೊರಳಿತು ಎನ್ನಬಹುದು. ಇಂಥ ದಿನ ದೀಕ್ಷೆಯಾಯಿತು ಎನ್ನಲಾಗದು.

ನಮ್ಮಲ್ಲಿ ದೀಕ್ಷೆಯೆಂದರೆ ಗುರು ಕರಸ್ಥಲಕ್ಕೆ ಇಷ್ಟಲಿಂಗ ಕೊಡುವುದು. ಅರಸನೊಬ್ಬನನ್ನು ಲಿಂಗವಂತನೆಂದು ಬರೆಯುವ ಸಂಪಾದಕರು ಮೊದಲು ಆ ಗುರುವಿನ ಹೆಸರನ್ನು ಅರಸನ ಕಾಲದ ಬರಹದಲ್ಲೇ ತೋರಿಸಲಿ. ತೋರಿಸಲಾಗದಿದ್ದರೆ 'ಮಠಕ್ಕೆ ದಾನ ಕೊಟ್ಟವನು' ಎಂದು ಅಚ್ಚು ಹಾಕಲಿ.