ಮಿಂಚಂಚೆಗೊಂದು ಒಪ್ಪೋಲೆ

ಹಳೆಯ ಕನ್ನಡ ಪುಸ್ತಕಗಳನ್ನು ತೆರೆದವರಿಗೆ ಅವುಗಳ ಮೊದಲಿನಲ್ಲಾಗಲಿ ಕೊನೆಯಲ್ಲಾಗಲಿ 'ಒಪ್ಪೋಲೆ' ಎಂಬ ಪುಟವೊಂದು ಕಾಣಸಿಗುವುದುಂಟು. ಇಂಥ ಪುಟದ ಇಂಥ ಸಾಲಿನಲ್ಲಿ ಹೀಗೆ ಅಚ್ಚಾಗಿದೆ, ಅದನ್ನು ಹೀಗೆ ಓದಿಕೊಳ್ಳಬೇಕು ಎಂದು ಅದರಲ್ಲಿ ತಿಳಿಸಿರುತ್ತದೆ. ಅಲ್ಲಿ ಅಳಲಾಟವಿಲ್ಲ, ನೆಪಗಳಿಲ್ಲ. ತಪ್ಪು ಒಂದು ಕಡೆ, ಒಪ್ಪು ಒಂದು ಕಡೆ, ಅಷ್ಟೆ. ಓದುಗನು ಪೆನ್ಸಿಲನ್ನು ಕೈಗೆತ್ತಿಕೊಂಡು ತಿದ್ದಿಕೊಂಡು ಮುಂದೆ ಸಾಗುತ್ತಾನೆ. ಆ ಒಂದು ಪುಟದಿಂದ ಪುಸ್ತಕದ ಮೇಲಿನ ನಂಬಿಕೆ ಕಡಮೆಯಾಗುವುದಿಲ್ಲ, ಹೆಚ್ಚುತ್ತದೆ.

ಇಂದು ನಾವು ಬರೆಯುವ ಪತ್ರಗಳು ಅಂಚೆಯ ಚೀಲದಲ್ಲಿ ಹೋಗುವುದಿಲ್ಲ. ಗುಂಡಿಯೊಂದನ್ನು ಒತ್ತಿದೊಡನೆ ಮೂವತ್ತು ನಲವತ್ತು ಮನೆಗಳನ್ನು ಒಮ್ಮೆಗೇ ತಲಪುವ ಮಿಂಚಂಚೆಗಳಾಗಿವೆ. ಅಂಥ ಪತ್ರದಲ್ಲಿ ಅಂಕಿಯೊಂದು ತಪ್ಪಿಹೋದರೆ ಅದರ ಒಪ್ಪೋಲೆಯನ್ನು ಹೇಗೆ ಬರೆಯಬೇಕು? ಓದುವವರು ಗಾಬರಿಗೊಳ್ಳದಂತೆ ಸತ್ಯವನ್ನು ತಿಳಿಸುವ ಬಗೆ ಯಾವುದು? ಈ ಪ್ರಶ್ನೆಗೆ ಉತ್ತರವನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ.

ಮಂಗಳೂರಿನ ಬೋಳಾರದಲ್ಲಿ, ಮಂಗಳಾದೇವಿಯ ಗುಡಿಗೆ ಹೆಚ್ಚು ದೂರವಲ್ಲದ ವಸತಿ ಸಮುಚ್ಚಯವೊಂದರಲ್ಲಿ ನನ್ನ ಮನೆ. ಅಲ್ಲಿ 36 ಮನೆಗಳಿವೆ. ನಿವೃತ್ತನಾದ ಮೇಲೆ ಅಲ್ಲಿನ ನಿವಾಸಿಗಳ ಸಂಘದ ಕಾರ್ಯದರ್ಶಿಯ ಕೆಲಸ ನನ್ನ ಪಾಲಿಗೆ ಬಂದಿತು. ಕರಾವಳಿಯ ಮಳೆಗಾಲವನ್ನು ಬಲ್ಲವರಿಗೆ ತಾರಸಿಯ ಸೋರಿಕೆಯ ಕಷ್ಟವನ್ನು ವಿವರಿಸಬೇಕಾಗಿಲ್ಲ. ಜೂನ್ ತಿಂಗಳಿಗೆ ಮೊದಲೇ ದುರಸ್ತಿ ಮುಗಿಯಬೇಕೆಂದು ಗುತ್ತಿಗೆದಾರರಿಂದ ದರಪಟ್ಟಿ ತರಿಸಿದೆವು. ಒಟ್ಟು ವೆಚ್ಚ 3,42,000 ರೂಪಾಯಿ. ಅದನ್ನು 36 ಮನೆಗಳಿಗೆ ಹಂಚಿದರೆ ಒಂದೊಂದು ಮನೆಗೆ 9,500 ರೂಪಾಯಿ. 2024ರ ಏಪ್ರಿಲ್ 21, ಭಾನುವಾರ ರಾತ್ರಿ ಎಂಟು ಗಂಟೆಗೆ ಈ ವಿಷಯವನ್ನು ಎಲ್ಲರಿಗೂ ಬರೆದೆನು. ಆದರೆ ಬರೆದ ಅಂಕಿ 3,42,000 ಆಗಿರಲಿಲ್ಲ, 4,32,000 ಆಗಿತ್ತು. ಅದನ್ನು ಭಾಗಿಸಿ, ಪ್ರತಿ ಮನೆಯ ಪಾಲು 12,000 ರೂಪಾಯಿ ಎಂದು ತಿಳಿಸಿದ್ದೆನು. ಜೊತೆಗೆ ಲಗತ್ತಿಸಿದ ಪಟ್ಟಿಯಲ್ಲಿಯೂ ಅದೇ ಮೊತ್ತ 36 ಸಾಲುಗಳಲ್ಲಿ ಸಾಲಾಗಿ ನಿಂತಿತ್ತು.

ಇಲ್ಲಿ ಒಂದು ಸೋಜಿಗವನ್ನು ಗಮನಿಸಬೇಕು. ಭಾಗಾಕಾರ ತಪ್ಪಿರಲಿಲ್ಲ. 4,32,000ವನ್ನು 36ರಿಂದ ಭಾಗಿಸಿದರೆ ಸರಿಯಾಗಿ 12,000 ಬರುತ್ತದೆ, ಶೇಷ ಉಳಿಯುವುದಿಲ್ಲ. ಆದುದರಿಂದಲೇ ಲೆಕ್ಕವನ್ನು ಎರಡು ಸಲ ಮಾಡಿ ನೋಡಿದರೂ ನನಗೆ ಸಂದೇಹ ಬರಲಿಲ್ಲ. ಲೆಕ್ಕದ ದಾರಿ ಸರಿಯಾಗಿತ್ತು, ಹೊರಟ ಊರೇ ಬೇರೆಯಾಗಿತ್ತು. ಮೂಲ ಕಾಗದದೊಡನೆ ಹೋಲಿಸಿ ನೋಡದೆ, ಬರೆದದ್ದನ್ನು ಬರೆದದ್ದರೊಡನೆಯೇ ಹೋಲಿಸುವುದು ಪರೀಕ್ಷೆಯಲ್ಲ.

ಮರುದಿನ ಬೆಳಗ್ಗೆ ಏಳು ಗಂಟೆಗೆ ಸಂಘದ ಖಜಾಂಚಿಯವರು ಬಾಗಿಲು ತಟ್ಟಿದರು. "ಮಾಸ್ಟ್ರೇ, ದರಪಟ್ಟಿಯಲ್ಲಿ ಮೂರು ಲಕ್ಷ ಚಿಲ್ಲರೆ ಇತ್ತಲ್ಲವೇ? ನೀವು ನಾಲ್ಕು ಲಕ್ಷವೆಂದು ಬರೆದಿದ್ದೀರಿ" ಎಂದರು. ಎರಡು ಮೊತ್ತಗಳನ್ನು ಪಕ್ಕಪಕ್ಕದಲ್ಲಿ ಬರೆದು ಕಳೆದರು. ವ್ಯತ್ಯಾಸ 90,000. "ಒಂಬತ್ತರಿಂದ ಭಾಗವಾಗುತ್ತದೆ, ನೋಡಿ. ಅಂಕಿಗಳು ಅದಲುಬದಲಾಗಿರಬೇಕು" ಎಂದರು. ಇದು ಲೆಕ್ಕಪತ್ರ ಬರೆಯುವವರು ಬಹುಕಾಲದಿಂದ ಬಲ್ಲ ಸೂಕ್ಷ್ಮ. ಅಕ್ಕಪಕ್ಕದ ಎರಡು ಅಂಕಿಗಳು ಸ್ಥಾನ ಬದಲಿಸಿದರೆ ಉಂಟಾಗುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. 43ರಿಂದ 34ನ್ನು ಕಳೆದು ನೋಡಿ, 9 ಉಳಿಯುತ್ತದೆ. 82ರಿಂದ 28ನ್ನು ಕಳೆದರೆ 54. ಆದರೆ ಈ ಸೂಕ್ಷ್ಮಕ್ಕೂ ಮಿತಿಯುಂಟು. ಕೊನೆಯ ಸೊನ್ನೆಯೊಂದು ಬಿಟ್ಟುಹೋದಾಗಲೂ ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತದೆ. ಹೀಗಾಗಿ ಇದು ತಪ್ಪು ಎಲ್ಲಿರಬಹುದೆಂದು ಬೆರಳು ತೋರುತ್ತದೆಯೇ ಹೊರತು ತೀರ್ಪು ಕೊಡುವುದಿಲ್ಲ. ತೀರ್ಪಿಗೆ ಮೂಲ ದರಪಟ್ಟಿಯನ್ನೇ ತೆರೆಯಬೇಕು. ತೆರೆದೆವು, ತಪ್ಪು ನನ್ನದೇ ಆಗಿತ್ತು.

ಕಳುಹಿಸಿದ ಪತ್ರವನ್ನು ಹಿಂದಕ್ಕೆ ಕರೆಯಬಾರದೇ ಎಂದು ನೀವು ಕೇಳಬಹುದು. ಜಿಮೇಲಿನಲ್ಲಿ ಅದಕ್ಕೆ ದೊರೆಯುವ ಅವಕಾಶ ಹೆಚ್ಚೆಂದರೆ 30 ಸೆಕೆಂಡು. ಆ ಬಳಿಕ ಪತ್ರವು ಪಡೆದವರ ಸೊತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಮಿಂಚಂಚೆಗೂ ಸಲ್ಲುತ್ತದೆ.

ಗಾಬರಿಯಲ್ಲಿ ನಾನು ಬರೆಯತೊಡಗಿದ ಮೊದಲ ಕರಡು ಹೀಗಿತ್ತು: "ಅತಿ ತುರ್ತು! ನಿನ್ನೆಯ ಪತ್ರದಲ್ಲಿ ಭಾರಿ ಪ್ರಮಾದವಾಗಿದೆ. ದಯವಿಟ್ಟು ಅದನ್ನು ಯಾರೂ ನಂಬಬೇಡಿ." ಖಜಾಂಚಿಯವರು ಅದನ್ನು ಓದಿ ನಕ್ಕರು. "ಇದನ್ನು ಕಂಡವರು ದುಡ್ಡು ಕಳವಾಯಿತೆಂದು ತಿಳಿದಾರು" ಎಂದರು. ಅವರ ಮಾತು ನಿಜವಾಗಿತ್ತು. ಏನು ತಪ್ಪಿದೆಯೆಂದು ಹೇಳದೆ ತಪ್ಪಿದೆಯೆಂದಷ್ಟೇ ಕೂಗಿಕೊಂಡರೆ, ಉಳಿದುದನ್ನು ಓದುವವರ ಭಯ ತುಂಬಿಕೊಳ್ಳುತ್ತದೆ.

ಎರಡನೆಯ ಕರಡಿನಲ್ಲಿ ಇನ್ನೊಂದು ತುದಿಗೆ ಹೋದೆನು. "ದುರಸ್ತಿಯ ಪಾಲನ್ನು 9,500 ರೂಪಾಯಿಗೆ ಪರಿಷ್ಕರಿಸಲಾಗಿದೆ" ಎಂದು ಬರೆದೆನು. ಮಾತು ನಯವಾಗಿತ್ತು, ಆದರೆ ಪ್ರಾಮಾಣಿಕವಾಗಿರಲಿಲ್ಲ. ಪರಿಷ್ಕರಿಸುವುದೆಂದರೆ ಮೊದಲಿನ ಮೊತ್ತವೂ ಒಂದು ಕಾಲಕ್ಕೆ ಸರಿಯಾಗಿತ್ತೆಂದು ಅರ್ಥ. ಒಂದೇ ರಾತ್ರಿಯಲ್ಲಿ 90,000 ರೂಪಾಯಿ ಇಳಿಯಿತೆಂದರೆ ಯಾರಿಗಾದರೂ ಅನುಮಾನ ಹುಟ್ಟುವುದು ಸಹಜ. ಆ ಹಣ ಯಾರ ಕಿಸೆಗೆ ಹೋಗುವುದಿತ್ತು ಎಂದು ಕೇಳಿದರೆ ಕೇಳಿದವರದು ತಪ್ಪಲ್ಲ. ತಪ್ಪನ್ನು ಮುಚ್ಚುವ ಮೆದುಮಾತು ತಪ್ಪಿಗಿಂತ ಹೆಚ್ಚಿನ ಕಳವಳವನ್ನು ತರುತ್ತದೆ. ಓದುವವರು ಶಾಂತರಾಗುವುದು ಮಾತಿನ ಮೃದುತ್ವದಿಂದಲ್ಲ, ವಿಷಯದ ಪೂರ್ಣತೆಯಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೂರನೆಯ ಕರಡಿಗೆ ಕುಳಿತುಕೊಳ್ಳುವ ಮೊದಲು ಎರಡು ಕೆಲಸಗಳನ್ನು ಮಾಡಿದೆವು. ಒಂದು, ಪತ್ರದಲ್ಲಿದ್ದ ಉಳಿದೆಲ್ಲ ಅಂಕಿಗಳನ್ನೂ ದಿನಾಂಕಗಳನ್ನೂ ಮೂಲದೊಡನೆ ಹೋಲಿಸಿದೆವು. ತಿದ್ದುಪಡಿಗೆ ಮತ್ತೊಂದು ತಿದ್ದುಪಡಿ ಬಂದರೆ ಮೂರನೆಯದನ್ನು ಯಾರೂ ನಂಬುವುದಿಲ್ಲ. ಇನ್ನೊಂದು, ಈ ತಪ್ಪಿನಿಂದ ಕೂಡಲೇ ನಷ್ಟಪಡುವವರು ಯಾರಿರಬಹುದೆಂದು ಯೋಚಿಸಿದೆವು. ಮೂರನೆಯ ಮಹಡಿಯಲ್ಲಿ ಕುಟುಂಬ ಪಿಂಚಣಿಯಿಂದ ಬದುಕು ಸಾಗಿಸುವ ವೃದ್ಧೆಯೊಬ್ಬರಿದ್ದಾರೆ. ಅವರಿಗೆ ದೂರವಾಣಿ ಮಾಡಿದಾಗ ಬ್ಯಾಂಕಿಗೆ ಹೊರಡುವ ಸಿದ್ಧತೆಯಲ್ಲಿದ್ದರು. "12,000 ಕೈಯಲ್ಲಿಲ್ಲ ಮಾಸ್ಟ್ರೇ, ಠೇವಣಿ ಒಂದನ್ನು ಅವಧಿಗೆ ಮೊದಲೇ ಮುರಿಸುವ ಎಂದಿದ್ದೆ. 9,500 ಆದರೆ ಹೇಗೋ ಹೊಂದಿಸಿಯೇನು" ಎಂದರು. ನನ್ನ ಬೆರಳಿನ ಒಂದು ಎಡವಟ್ಟು ಒಬ್ಬರ ಕಷ್ಟಕಾಲದ ಗಂಟನ್ನು ಬಿಚ್ಚಿಸುವುದರಲ್ಲಿತ್ತು. ಮಿಂಚಂಚೆಯನ್ನು ಕೆಲವರು ಸಂಜೆ ನೋಡುತ್ತಾರೆ, ಕೆಲವರು ಎರಡು ದಿನ ಕಳೆದು ನೋಡುತ್ತಾರೆ. ಕಾಯಲಾಗದವರಿಗೆ ಮೊದಲು ಬಾಯಿಮಾತಿನಿಂದಲೇ ತಿಳಿಸಬೇಕು.

ಆಮೇಲೆ ಬರೆದ ಪತ್ರ ಇದು:

"ವಿಷಯ: ತಿದ್ದುಪಡಿ – ತಾರಸಿ ದುರಸ್ತಿಯ ಪಾಲು ಪ್ರತಿ ಮನೆಗೆ ರೂ. 9,500

ಮಾನ್ಯರೇ,

ತಾರಸಿ ದುರಸ್ತಿಗಾಗಿ ಪ್ರತಿ ಮನೆಯವರು ಕೊಡಬೇಕಾದ ಮೊತ್ತ ರೂ. 9,500. ನಿನ್ನೆ, ಏಪ್ರಿಲ್ 21ರ ರಾತ್ರಿ 8 ಗಂಟೆಯ ಪತ್ರದಲ್ಲಿ ಇದನ್ನು ರೂ. 12,000 ಎಂದು ನಾನು ತಪ್ಪಾಗಿ ಬರೆದಿದ್ದೆ. ಒಟ್ಟು ವೆಚ್ಚ ರೂ. 3,42,000 ಇದ್ದುದನ್ನು ಬರೆಯುವಾಗ ಅಂಕಿಗಳು ಅದಲುಬದಲಾಗಿ ರೂ. 4,32,000 ಆಯಿತು. ಗುತ್ತಿಗೆದಾರರ ದರದಲ್ಲಿ ಯಾವ ಬದಲಾವಣೆಯೂ ಆಗಿಲ್ಲ. ದರಪಟ್ಟಿಯ ಪ್ರತಿಯನ್ನು ಲಗತ್ತಿಸಿದ್ದೇನೆ.

ಹಣ ಕೊಡುವ ಕಡೆಯ ದಿನ ಮೇ 10, ಕೆಲಸದ ವಿವರ ಮತ್ತು ಖಾತೆಯ ವಿವರ ಮೊದಲಿನಂತೆಯೇ ಇವೆ. ಈಗಾಗಲೇ ರೂ. 12,000 ಕೊಟ್ಟವರಿಗೆ ರೂ. 2,500 ಇಂದೇ ಹಿಂದಿರುಗುತ್ತದೆ. ಉಳಿದವರು ಹಳೆಯ ಪಟ್ಟಿಯನ್ನು ಬಿಟ್ಟು 'ತಿದ್ದಿದ ಪಟ್ಟಿ, ಏಪ್ರಿಲ್ 22' ಎಂಬುದನ್ನು ಬಳಸಬೇಕಾಗಿ ವಿನಂತಿ.

ತೊಂದರೆಗಾಗಿ ವಿಷಾದಿಸುತ್ತೇನೆ.

ಕಾರ್ಯದರ್ಶಿ"

ಈ ಪತ್ರದ ಕಟ್ಟನ್ನು ಸ್ವಲ್ಪ ಪರಿಶೀಲಿಸೋಣ. ಸರಿಯಾದ ಅಂಕಿ ವಿಷಯದ ಸಾಲಿನಲ್ಲಿಯೇ ಇದೆ. ಪತ್ರವನ್ನು ತೆರೆಯದವನಿಗೂ ಅದು ತಿಳಿಯುತ್ತದೆ. ಒಳಗೂ ಮೊದಲು ಬರುವುದು ಒಪ್ಪು, ಅನಂತರ ತಪ್ಪು. ಏಕೆಂದರೆ ಮೊದಲು ಓದಿದ ಅಂಕಿಯೇ ನೆನಪಿನಲ್ಲಿ ನಿಲ್ಲುತ್ತದೆ. ತಪ್ಪಿನ ಕಾರಣ ಎರಡೇ ಸಾಲಿನಲ್ಲಿದೆ. ಏನು ಬದಲಾಗಿಲ್ಲ ಎಂಬುದನ್ನೂ ಹೇಳಿದೆ. ಈ ಮಾತನ್ನೇ ಹಲವರು ಮರೆಯುತ್ತಾರೆ. ಒಂದು ಅಂಕಿ ತಪ್ಪೆಂದು ತಿಳಿದವನ ಮನಸ್ಸು ಮಿಕ್ಕ ಅಂಕಿಗಳನ್ನೂ ಶಂಕಿಸುತ್ತದೆ. ಆ ಶಂಕೆಗೆ ಅಲ್ಲಿಯೇ ಉತ್ತರ ಸಿಗಬೇಕು. ಕೊನೆಯಲ್ಲಿ, ಓದಿದವರು ಏನು ಮಾಡಬೇಕೆಂಬುದಿದೆ. ಕ್ಷಮೆ ಒಂದೇ ಸಾಲು. ಅದು ಉದ್ದವಾದಷ್ಟೂ ಪತ್ರವು ಓದುವವರ ವಿಚಾರವನ್ನು ಬಿಟ್ಟು ಬರೆದವನ ವಿಚಾರವಾಗುತ್ತದೆ.

ಪತ್ರವನ್ನು ಯಾರಿಗೆಲ್ಲ ಕಳುಹಿಸಬೇಕೆಂಬುದೂ ಸಣ್ಣ ಮಾತಲ್ಲ. ತಪ್ಪು ಹೋದ ಪ್ರತಿಯೊಂದು ಬಾಗಿಲಿಗೂ ಒಪ್ಪು ಹೋಗಬೇಕು. ಕಳುಹಿಸಿದ ಪತ್ರಗಳ ಕಡತವನ್ನು ತೆರೆದು ವಿಳಾಸಗಳನ್ನು ಒಂದೊಂದಾಗಿ ಎಣಿಸಿದೆವು. ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದಂತೆ ಮರೆಯಲ್ಲಿರಿಸಿ ಕಳುಹಿಸಿದ್ದರೆ, ಉತ್ತರಿಸುವ ಗುಂಡಿಯನ್ನು ಒತ್ತಿದಾಗ ಆ ವಿಳಾಸಗಳು ಬಿಟ್ಟುಹೋಗಬಹುದು. ಎಣಿಕೆ 36 ಬರುವವರೆಗೆ ಕಳುಹಿಸಬಾರದು.

ತಿದ್ದುಪಡಿ ತಡವಾದರೆ ಏನಾಗುತ್ತದೆಂಬುದಕ್ಕೆ ಜಗತ್ತೇ ಕಂಡ ನಿದರ್ಶನವೊಂದಿದೆ. ಹವಾಮಾನ ಬದಲಾವಣೆಯನ್ನು ಕುರಿತ ಅಂತರಸರ್ಕಾರಿ ಮಂಡಳಿಯು 2007ರ ವರದಿಯಲ್ಲಿ, ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ ಇಲ್ಲವಾಗುವ ಸಂಭವ ಬಹಳವೆಂದು ಹೇಳಿತ್ತು. ಆ ಇಸವಿಗೆ ಗಟ್ಟಿಯಾದ ಆಧಾರವಿರಲಿಲ್ಲ. ಹಿಂದಿನ ವರದಿಯೊಂದರಲ್ಲಿದ್ದ 2350 ಎಂಬ ಇಸವಿಯೇ ಅಂಕಿ ತಿರುಗಿ 2035 ಆಗಿರಬೇಕೆಂದು ಕೆಲವರು ಊಹಿಸಿದರು. 2010ರ ಜನವರಿ 20ರಂದು ಮಂಡಳಿಯು ವಿಷಾದ ಸೂಚಿಸಿ ಹೇಳಿಕೆ ಹೊರಡಿಸಿತು. ತಪ್ಪು ಯಾವ ಭಾಗದಲ್ಲಿದೆಯೆಂದು ಅದು ತೋರಿಸಿತು. ಹಿಮನದಿಗಳು ಕರಗುತ್ತಿವೆ, ಅದರಿಂದ ನೀರಿನ ಲಭ್ಯತೆ ಕುಗ್ಗಲಿದೆ ಎಂಬ ಮುಖ್ಯ ನಿರ್ಣಯ ಹಾಗೆಯೇ ನಿಲ್ಲುತ್ತದೆಂದೂ ತಿಳಿಸಿತು. ಒಪ್ಪೋಲೆಯ ಕಟ್ಟು ಸರಿಯಾಗಿಯೇ ಇತ್ತು. ಆದರೆ ಅದು ಬಂದದ್ದು ಎರಡು ವರ್ಷಗಳಿಗೂ ಮೀರಿದ ಮೇಲೆ, ಹೊರಗಿನವರು ಆಕ್ಷೇಪಿಸಿದ ಬಳಿಕ. ಆ ಹೊತ್ತಿಗೆ ಒಂದು ಅಂಕಿಯ ತಪ್ಪನ್ನು ಹಿಡಿದು ಇಡೀ ವರದಿಯನ್ನೇ ಅಲ್ಲಗಳೆಯುವವರು ಹುಟ್ಟಿಕೊಂಡಿದ್ದರು.

ನಮ್ಮ ಬೋಳಾರದ ಪತ್ರ ಬೆಳಗಿನ ಒಂಬತ್ತು ಗಂಟೆಗೆ ಹೊರಟಿತು. ಆಗಲೇ ಹಣ ಕೊಟ್ಟಿದ್ದ ಎರಡು ಮನೆಗಳಿಗೆ ಸಂಜೆಯೊಳಗೆ 2,500 ರೂಪಾಯಿ ಹಿಂದಿರುಗಿತು. ಒಬ್ಬರು ಮಾತ್ರ ದರಪಟ್ಟಿಯ ಬಗ್ಗೆ ಪ್ರಶ್ನೆ ಕೇಳಿದರು. ಲಗತ್ತನ್ನು ನೋಡಿ ಸುಮ್ಮನಾದರು. ಮೂರನೆಯ ಮಹಡಿಯ ಆ ತಾಯಿ ಮೇ ತಿಂಗಳ ಮೊದಲ ವಾರದಲ್ಲಿ ಹಣವನ್ನು ಲಕೋಟೆಯಲ್ಲಿಟ್ಟು ತಂದುಕೊಟ್ಟರು. ನಾನು ರಸೀದಿ ಬರೆಯುತ್ತಿದ್ದಾಗ ಕನ್ನಡಕವನ್ನು ಸರಿಪಡಿಸಿಕೊಂಡು, "ಅಂಕಿಯನ್ನು ಒಮ್ಮೆ ಓದಿ ಹೇಳಿ ಮಾಸ್ಟ್ರೇ" ಎಂದರು. ನಾನು ಮೂಲ ಪಟ್ಟಿಯನ್ನು ತೆರೆದಿಟ್ಟುಕೊಂಡು ಗಟ್ಟಿಯಾಗಿ ಓದಿದೆನು: ಒಂಬತ್ತು ಸಾವಿರದ ಐನೂರು.