ಕಂಪ್ಯೂಟರಿನಲ್ಲಿದೆ, ಸ್ಟೋರಿನಲ್ಲಿಲ್ಲ



ನಮ್ಮ ಹೋಟೆಲುಗಳಲ್ಲಿ ಈಗ ಬಿಲ್ ಮಾತ್ರವಲ್ಲ, ಸ್ಟೋರಿನ ಲೆಕ್ಕವೂ ಕಂಪ್ಯೂಟರಿಗೆ ಸೇರಿದೆ. ಒಳ್ಳೆಯದೇ. ಆದರೆ ಕಂಪ್ಯೂಟರಿಗೆ ಕಣ್ಣಿಲ್ಲ, ನಾವು ಬರೆದದ್ದನ್ನಷ್ಟೇ ಅದು ಕೂಡಿ ಕಳೆದು ತೋರಿಸುತ್ತದೆ. ಆದ್ದರಿಂದ ಸ್ಟೋರಿನಲ್ಲಿ ಇಲ್ಲದ ಮಾಲನ್ನೂ ಅದು 'ಇದೆ' ಎನ್ನಬಹುದು. ಇದಕ್ಕೆ ಭೂತದ ಸ್ಟಾಕ್ ಎನ್ನೋಣ. ಇಂಥ ಸ್ಟಾಕ್ ಕಂಡ ಕೂಡಲೇ ಸ್ಟೋರ್ ಹುಡುಗನ ಮೇಲೆ ಕಳ್ಳತನದ ಅನುಮಾನ ಬೀಳುತ್ತದೆ. ಇದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಮೊದಲು ಹುಡುಕಬೇಕಾದ್ದು ಕಳ್ಳನನ್ನಲ್ಲ, ತಪ್ಪಿದ ಜಾಗವನ್ನು.

ಎಣ್ಣೆಯ ಲೆಕ್ಕವನ್ನೇ ತೆಗೆದುಕೊಳ್ಳಿ. ಮಾರುಕಟ್ಟೆಯಲ್ಲಿ 15 ಕಿಲೋ ಡಬ್ಬವೂ ಇದೆ, 15 ಲೀಟರ್ ಡಬ್ಬವೂ ಇದೆ. ನೋಡಲು ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ಎಣ್ಣೆ ನೀರಿಗಿಂತ ಹಗುರ, ಒಂದು ಲೀಟರ್ ಸುಮಾರು 910 ಗ್ರಾಂ ತೂಗುತ್ತದೆ. ಹಾಗಾಗಿ 15 ಲೀಟರ್ ಡಬ್ಬದಲ್ಲಿರುವುದು 13.65 ಕಿಲೋ ಮಾತ್ರ. ಅದನ್ನು ಕಂಪ್ಯೂಟರಿನಲ್ಲಿ 15 ಕಿಲೋ ಎಂದು ಏರಿಸಿದರೆ ಡಬ್ಬವೊಂದಕ್ಕೆ 1.35 ಕಿಲೋ ಭೂತ ಹುಟ್ಟಿತು.

ಒಂದು ಹೋಟೆಲಿನಲ್ಲಿ ತಿಂಗಳಿಗೆ ಇಂಥ 20 ಡಬ್ಬ ಬರುತ್ತವೆ, ಅಡುಗೆಮನೆಗೆ ಎಣ್ಣೆಯನ್ನು ತೂಗಿ ಕೊಡುತ್ತಾರೆ ಎಂದುಕೊಳ್ಳಿ. ಕಂಪ್ಯೂಟರಿನ ಪ್ರಕಾರ ಬಂದದ್ದು 300 ಕಿಲೋ, ನಿಜವಾಗಿ ಬಂದದ್ದು 273. ಕೊಟ್ಟದ್ದು 260 ಕಿಲೋ. ಕಂಪ್ಯೂಟರ್ 40 ಕಿಲೋ ಉಳಿದಿದೆ ಎನ್ನುತ್ತದೆ, ಸ್ಟೋರಿನಲ್ಲಿ 13 ಕಿಲೋ ಇದೆ. ಸ್ಟಾಕ್ 30 ಕಿಲೋಗೆ ಇಳಿದಾಗ ಆರ್ಡರ್ ಕೊಡುವ ಕ್ರಮವಿದ್ದರೆ ಆರ್ಡರೇ ಹೋಗುವುದಿಲ್ಲ. ಭಾನುವಾರ ಬೆಳಿಗ್ಗೆ ವಡೆಯ ಬಾಣಲೆಗೆ ಎಣ್ಣೆ ಸಾಲದೆ ಪಕ್ಕದ ಅಂಗಡಿಯಿಂದ ಹೆಚ್ಚು ಬೆಲೆಗೆ ತರಬೇಕಾಗುತ್ತದೆ. ಆ ಮೇಲೆ 27 ಕಿಲೋ ಎಲ್ಲಿ ಹೋಯಿತು ಎಂಬ ಪ್ರಶ್ನೆ ಹುಡುಗನ ತಲೆಯ ಮೇಲೆ ಬೀಳುತ್ತದೆ.

ಪತ್ತೆ ಮಾಡುವುದು ಹೇಗೆ? ತಿಂಗಳ ಕೊನೆಗೆ ಇಡೀ ಸ್ಟೋರ್ ಎಣಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ, ಅದು ಯಾವ ದಿನ ಹುಟ್ಟಿತು ಎಂಬುದು ಗೊತ್ತಾಗುವುದಿಲ್ಲ. ಅದಕ್ಕಿಂತ ಬೆಲೆಬಾಳುವ 10 ಸಾಮಾನುಗಳನ್ನು ಆರಿಸಿ: ಎಣ್ಣೆ, ತುಪ್ಪ, ಗೋಡಂಬಿ, ಪನೀರ್, ಬೆಣ್ಣೆ, ಕಾಫಿಪುಡಿ ಇಂಥವು. ರಾತ್ರಿ ಬಾಗಿಲು ಹಾಕಿದ ಮೇಲೆ, ಅಂದಿನ ಖರೀದಿ ಬಿಲ್ಲುಗಳೂ ಕೊಟ್ಟ ಮಾಲೂ ಪೂರ್ತಿ ಕಂಪ್ಯೂಟರಿಗೆ ಏರಿದ ನಂತರ, ದಿನಾ ಅವನ್ನು ತೂಗಿಸಿ. ಬಿಲ್ ಏರದೆ ತೂಗಿದರೆ ಇಲ್ಲದ ವ್ಯತ್ಯಾಸ ಕಾಣುತ್ತದೆ. ತೂಗುವವನ ಕೈಗೆ ಕಂಪ್ಯೂಟರಿನ ಅಂಕಿ ಕೊಡಬೇಡಿ. '40 ಕಿಲೋ' ಎಂದು ಮೊದಲೇ ಕಂಡವನು ಮೂಲೆಯ ಡಬ್ಬಗಳನ್ನು ಅಂದಾಜಿನಲ್ಲಿ ಸೇರಿಸಿ 40 ಮಾಡಿಬಿಡುತ್ತಾನೆ. ಸೀಲ್ ಒಡೆಯದ ಡಬ್ಬವನ್ನೂ ತಕ್ಕಡಿಗೆ ಇಡಿಸಿ, ಖಾಲಿ ಡಬ್ಬದ ತೂಕ ಕಳೆಯಿರಿ.

ಎರಡು ವಾರದ ಚೀಟಿಗಳನ್ನು ಸಾಲಾಗಿ ಇಟ್ಟು ನೋಡಿ. ಡಬ್ಬ ಬಂದ ದಿನವೇ, ಡಬ್ಬಕ್ಕೆ ಇಷ್ಟೇ ಎಂಬಂತೆ ವ್ಯತ್ಯಾಸ ಏರಿದರೆ ತಪ್ಪು ಖರೀದಿಯ ಎಂಟ್ರಿಯಲ್ಲಿದೆ. ಪಾರ್ಟಿ ಆರ್ಡರ್ ಇದ್ದ ದಿನ ಏರಿದರೆ ಅಡುಗೆಮನೆಗೆ ಹೋದದ್ದು ಬರೆದಿಲ್ಲ. ದಿನಾ ಸ್ವಲ್ಪ ಸ್ವಲ್ಪ ಏರಿದರೆ ಕೆಲಸಗಾರರ ಊಟ, ಹಾಳಾದ ಮಾಲು ಲೆಕ್ಕಕ್ಕೆ ಬಂದಿಲ್ಲವೆಂದು ಅನುಮಾನಿಸಿ. ಯಾವ ಕ್ರಮವೂ ಇಲ್ಲದೆ, ಒಬ್ಬನದೇ ಪಾಳಿಯಲ್ಲಿ ಪದೇ ಪದೇ ಕಡಿಮೆಯಾದರೆ ಮಾತ್ರ ಮನುಷ್ಯನ ಕಡೆ ನೋಡಿ. ಆಗಲೂ ಈ ಲೆಕ್ಕ ವಿಚಾರಿಸಲು ಕಾರಣ ಕೊಡುತ್ತದೆ, ಕಳ್ಳನೆಂದು ತೀರ್ಪು ಕೊಡುವುದಿಲ್ಲ.

ಅಡುಗೆ ಭಟ್ಟರ ಮಾತೂ ಒಂದು ಸುಳಿವು. ಮೆನುವಿನ ಐಟಂ ಒಂದನ್ನು 'ಇವತ್ತು ಇಲ್ಲ' ಎಂದಾಗ ಅದರ ಮುಖ್ಯ ಸಾಮಾನು ಕಂಪ್ಯೂಟರಿನಲ್ಲಿ ಇದೆಯೇ ಎಂದು ಗಲ್ಲದವರು ಆ ಕ್ಷಣವೇ ನೋಡಲಿ. ಇದ್ದರೆ ಭೂತ ಸಿಕ್ಕಿತು. ಹಾಗೆಯೇ ಯಾವುದೋ ಸಾಮಾನು ಮೈನಸ್ ತೋರಿಸಿದರೆ ಅದರ ಜೋಡಿಯನ್ನು ಹುಡುಕಿ. ತೊಗರಿಬೇಳೆಯ ಬಿಲ್ಲನ್ನು ಕಡಲೆಬೇಳೆಯ ಹೆಸರಿಗೆ ಏರಿಸಿದ್ದರೆ ಒಂದು ಮೈನಸ್ ಆಗುತ್ತದೆ, ಇನ್ನೊಂದು ಭೂತವಾಗುತ್ತದೆ.

ಕೊನೆಯದಾಗಿ, ವ್ಯತ್ಯಾಸ ಕಂಡೊಡನೆ ಕಂಪ್ಯೂಟರಿನ ಅಂಕಿಯನ್ನು ತಿದ್ದಿ ಸುಮ್ಮನಾಗಬೇಡಿ. ಆರ್ಡರ್ ತಪ್ಪದಿರಲು ಅಂಕಿ ತಿದ್ದಲೇಬೇಕು, ಆದರೆ ಎಷ್ಟು, ಯಾವ ದಿನ, ಯಾಕೆ ಎಂದು ಪುಸ್ತಕದಲ್ಲಿ ಬರೆದು ತಿದ್ದಿ. ಎಣ್ಣೆಯ ಅಂಕಿ ತಿದ್ದಿ 'ಡಬ್ಬ ಎಂದರೆ 15 ಕಿಲೋ' ಎಂಬುದನ್ನು ಹಾಗೇ ಬಿಟ್ಟರೆ ಮುಂದಿನ 20 ಡಬ್ಬಕ್ಕೆ ಅದೇ 27 ಕಿಲೋ ಮತ್ತೆ ಬರುತ್ತದೆ.