ಲಕ್ವ ಹೊಡೆದ ಕೈಗೆ ಕೆಲಸ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಲಕ್ವ ಹೊಡೆದವರು ಆಸ್ಪತ್ರೆಯಿಂದ ಮನೆಗೆ ಬಂದರೆ ಸೊಟ್ಟಗಾದ ಕೈಗೆ ಎಣ್ಣೆ ತಿಕ್ಕುವುದೇ ಮುಂದಿನ ಚಿಕಿತ್ಸೆಯಾಗುತ್ತದೆ. ಎಲ್ಲ ಕೆಲಸವೂ ಒಳ್ಳೆಯ ಕೈಗೆ ಬೀಳುತ್ತದೆ. ಬಳಸದ ಕೈಯನ್ನು ಮಿದುಳು ಇನ್ನಷ್ಟು ಮರೆಯುತ್ತದೆ.

ಅಮೆರಿಕದ ವಿಜ್ಞಾನಿ ಎಡ್ವರ್ಡ್ ಟಾಬ್ ಈ ಮರೆವಿಗೇ ಮದ್ದು ಹುಡುಕಿದರು. ಒಳ್ಳೆಯ ಕೈಗೆ ದಪ್ಪ ಕೈಗವಸು ಹಾಕಿ, ಎಚ್ಚರವಿರುವ ಹೊತ್ತಿನ ಬಹುಪಾಲು ಅದನ್ನು ಕಟ್ಟಿಹಾಕಿ, ಲೋಟ ಹಿಡಿಯುವಂಥ ಕೆಲಸಗಳನ್ನು ಸೋತ ಕೈಯಿಂದಲೇ ದಿನಕ್ಕೆ ಹಲವು ಗಂಟೆ, ಎರಡು ವಾರ ಮಾಡಿಸುವುದು. ಲಕ್ವ ಹೊಡೆದು 3ರಿಂದ 9 ತಿಂಗಳಾದ 222 ಜನರ ಮೇಲೆ ನಡೆದ, 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದರಿಂದ ಕೈಬಳಕೆ ಸುಧಾರಿಸಿದ್ದು ಕಂಡಿತು.

ಆದರೆ ಇದು ಎಲ್ಲರಿಗಲ್ಲ. ಮೇಜಿನ ಅಂಚಿನಿಂದ ಅಂಗೈ ಕೆಳಗೆ ಇಳಿಬಿಟ್ಟು, ಮಣಿಕಟ್ಟನ್ನೂ ಬೆರಳುಗಳನ್ನೂ ತಾನಾಗಿ ತುಸುವಾದರೂ ಎತ್ತಬಲ್ಲವರಿಗೆ ಮಾತ್ರ. ಮಿದುಳಿನಿಂದ ಕೈಗೆ ಬರುವ ನರಮಾರ್ಗವೇ ಹೆಚ್ಚಾಗಿ ಹಾಳಾಗಿದ್ದರೆ ಹಟದ ಅಭ್ಯಾಸದಿಂದಲೂ ಬೆರಳು ಬಿಚ್ಚುವುದು ಕಷ್ಟ. ಲೋಟ ಎತ್ತುವಾಗ ಭುಜ ಏರಿ ಮೈ ವಾಲಿದರೆ, ಅದು ಕೈ ಚೇತರಿಸಿದ್ದಲ್ಲ, ಮೈ ಕಲಿತ ಅಡ್ಡದಾರಿ. ಮೊದಲ ವಾರಗಳಲ್ಲೇ ಅತಿಯಾಗಿ ಮಾಡಿಸಿದವರಲ್ಲಿ ಫಲ ಕಡಿಮೆಯೆಂದು 2009ರ ಸಣ್ಣ ಅಧ್ಯಯನವೊಂದು ಹೇಳಿತು.

ಈ ತರಬೇತಿಗಾಗಿ ದಿನವೂ ಬೆಳಗಾವಿಗೆ ಓಡಾಡುವುದು ರೈತ ಕುಟುಂಬಕ್ಕೆ ಆಗದ ಮಾತು. ವಾರಕ್ಕೆ 3 ಸಲ ಅರ್ಧ ಗಂಟೆ ತರಬೇತಿ, ಮನೆಯಲ್ಲಿ ದಿನಕ್ಕೆ 5 ಗಂಟೆ ಕೈಗವಸು, ಹೀಗೆ 10 ವಾರ ನಡೆಸುವ ಹಗುರ ಕ್ರಮವೂ ಇದೆ. ಒಲೆಯ ಮುಂದೆ, ನಡೆಯುವಾಗ ಗವಸು ಬೇಡ. ಮೂರೂ ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಇದನ್ನು ಕಲಿಸಬಲ್ಲ ಫಿಸಿಯೋಥೆರಪಿಸ್ಟ್ ಇರುವಂತೆ ಆರೋಗ್ಯ ಇಲಾಖೆ ನೋಡಿಕೊಳ್ಳಲಿ.